ಎದ್ದಿತಾ?

ಪ್ರಬಂಧದ ಬುಕ್ ವಾಪಸ್ ಕೊಡೋ ದಿನ ಅಂದ್ರೆ ನಂಗೆ ಬೆಳಿಗ್ಗೆಯಿಂದಾನೇ ಹೊಟ್ಟೆ ಕಿವುಚಿದಂಗೆ ಆಗೋದು. ನಮ್ಮ ಕನ್ನಡ ಮಿಸ್ ಬೈಯೋರಲ್ಲ, ಹೊಡೆಯೋರಂತೂ ಅಲ್ವೇ ಅಲ್ಲ, ಆದ್ರೆ ಅವರ ಕೆಂಪು ಪೆನ್ ಇತ್ತಲ್ಲ, ಅದನ್ನ ಒತ್ತಿ ಒತ್ತಿ ಬರೆಯೋರು, ಹಾಳೆ ತಿರುಗಿಸಿದ್ರೆ ಹಿಂದಿನಿಂದ ಅಕ್ಷರ ಉಬ್ಬಿರೋದು ಬೆರಳಿಗೆ ಸಿಗೋದು.

ಒಂಬತ್ತನೇ ಕ್ಲಾಸಲ್ಲಿ 'ನನ್ನ ಮೆಚ್ಚಿನ ವ್ಯಕ್ತಿ' ಅಂತ ಬರೆಯೋಕೆ ಕೊಟ್ಟಿದ್ರು. ನಾನು ತಾತನ ಬಗ್ಗೆ ಬರೆದೆ. ಪೀಠಿಕೆ, ಉಪಸಂಹಾರ ಎರಡೂ ಗೈಡಿಂದ ಎತ್ತಿದ್ದು, ಸುಳ್ಳ್ಯಾಕೆ ಹೇಳ್ಲಿ. "ನನ್ನ ತಾತನವರು ಕರುಣೆಯ ಸಾಗರ, ಶಿಸ್ತಿನ ಸಿಪಾಯಿ, ಅವರ ಅಧ್ಭುತ ವ್ಯಕ್ತಿತ್ವವನ್ನು ವರ್ಣಿಸಲು ಪದಗಳೇ ಸಾಲದು" ಅಂತ ಶುರು. ಬರೆದಾಗ ಎಷ್ಟು ಖುಷಿ ಆಗಿತ್ತು ಅಂದ್ರೆ ನಾನೇ ಎರಡು ಸಲ ಜೋರಾಗಿ ಓದ್ಕೊಂಡಿದ್ದೆ.

ಬುಕ್ ವಾಪಸ್ ಬಂತು. 25ಕ್ಕೆ 11.

ಅಧ್ಭುತದ ಸುತ್ತ ಒಂದು ರೌಂಡ್, ಮೇಲೆ 'ಅದ್ಭುತ' ಅಂತ ತಿದ್ದಿದ್ರು, ಅದು ಸರಿ, ಮಹಾಪ್ರಾಣ ನನ್ನ ಹಳೇ ಶತ್ರು. ಆದ್ರೆ ಪೀಠಿಕೆ ಪಕ್ಕದಲ್ಲಿ ಮೇಲಿಂದ ಕೆಳಗಿನ ತನಕ ಒಂದೇ ಗೀಟು, ಅದರ ಪಕ್ಕ "ಇದು ಯಾರ ತಾತ?" ಅಂತ. ನಂಗೆ ಉರಿದು ಹೋಯ್ತು. ಇನ್ಯಾರ ತಾತ, ನನ್ನ ತಾತಾನೇ! ಎರಡನೇ ಪುಟದಲ್ಲಿ ಇನ್ನೂ ಜಾಸ್ತಿ ಕೆಂಪು. ಜಾಗ ತುಂಬಿಸೋಕೆ ಅಂತ ಒಂದು ಸಾಲು ಹಾಕಿದ್ದೆ, "ರೇಡಿಯೋ ನಿಂತುಹೋದರೆ ತಾತ ಅದರ ನೆತ್ತಿಗೆ ಎರಡು ಸಲ ತಟ್ಟಿ ಏಳಪ್ಪಾ ಎನ್ನುತ್ತಿದ್ದರು." ಅದರ ಕೆಳಗೆ ಮಿಸ್ ಬರೆದಿದ್ದು ಒಂದೇ ಪದ, "ಎದ್ದಿತಾ?"

ಗೇಲಿ ಮಾಡ್ತಿದ್ದಾರೆ ಅಂತಾನೇ ಅಂದ್ಕೊಂಡೆ. ಪಕ್ಕದವನ ಬುಕ್ ಇಣುಕಿ ನೋಡಿದ್ರೆ 17 ಮಾರ್ಕ್ಸು, ಕೊನೇಲಿ 'ಪರವಾಗಿಲ್ಲ' ಅಂತ ಬರೆದು ಒಂದು ಸಹಿ, ಬೇರೆ ಕೆಂಪೇ ಇಲ್ಲ. ಏನು ಅದೃಷ್ಟ ಇವನದ್ದು ಅನ್ನಿಸ್ತು.

ತಿದ್ದಿ ಮತ್ತೆ ಬರೀಬೇಕಿತ್ತು. ಎರಡು ದಿನ ಬುಕ್ ಬ್ಯಾಗಿಂದ ಹೊರಗೇ ತೆಗೀಲಿಲ್ಲ. ಮೂರನೇ ದಿನ ರಾತ್ರಿ ಕೂತು ಬೇಜಾರಿಂದಾನೇ ಹಾಳೆ ತಿರುವುತ್ತಾ ಇದ್ದಾಗ ಒಂದು ಕಂಡಿತು. ಆ 'ಏಳಪ್ಪಾ' ಪದದ ಪಕ್ಕ ಒಂದು ಕೆಂಪು ಚುಕ್ಕೆ. ತಪ್ಪು ತೋರ್ಸೋ ಗುರುತಲ್ಲ, ಬರೀ ಚುಕ್ಕೆ, ಇಂಕು ಸ್ವಲ್ಪ ಹರಡಿತ್ತು, ಪೆನ್ ತುದಿ ಅಲ್ಲೇ ಊರಿ ಸುಮ್ನೆ ಕೂತಿದ್ರೆ ಆಗುತ್ತಲ್ಲ ಹಂಗೆ. ಇಡೀ ಪ್ರಬಂಧದಲ್ಲಿ ಬೇರೆಲ್ಲೂ ಅಂಥ ಚುಕ್ಕೆ ಇರಲಿಲ್ಲ. ಪೀಠಿಕೆ ಮೇಲೆ ಆ ಗೀಟು ಸರ್ರಂತ ಒಂದೇ ಏಟಿಗೆ ಎಳೆದಿದ್ದು. ಇಲ್ಲಿ ಮಿಸ್ ನಿಂತಿದ್ರು.

ಅಂದ್ರೆ ರೇಡಿಯೋ ಎದ್ದಿತೋ ಇಲ್ವೋ ಅಂತ ಅವ್ರಿಗೆ ನಿಜವಾಗ್ಲೂ ಗೊತ್ತಾಗ್ಬೇಕಿತ್ತಾ?

ಮತ್ತೆ ಪೀಠಿಕೆ ಓದ್ದೆ. ಕರುಣೆಯ ಸಾಗರ, ಶಿಸ್ತಿನ ಸಿಪಾಯಿ. ನಮ್ಮ ತಾತ ಕನ್ನಡಕ ಎಲ್ಲಿಟ್ಟಿದ್ದೀನಿ ಅಂತ ದಿನಾ ಮನೆಯೆಲ್ಲಾ ಎಬ್ಬಿಸೋರು, ಎಂಥ ಶಿಸ್ತು! ಇದು ಯಾರ ತಾತ ಅಂತ ನಾನೇ ಕೇಳ್ಬೇಕಿತ್ತು. ಗೈಡ್ ಬರೆದೋರ ತಾತ ಇರ್ಬೇಕು.

ಗೈಡ್ ಪಕ್ಕಕ್ಕಿಟ್ಟೆ. ರೇಡಿಯೋದಿಂದಾನೇ ಶುರು ಮಾಡ್ದೆ. ಎರಡು ಸಲ ತಟ್ಟಿದ್ರೆ ಏಳ್ತಿತ್ತು, ಕೆಲವು ಸಲ ಮೂರನೇದು ಬೇಕಿತ್ತು, ಎದ್ದ ತಕ್ಷಣ ತಾತ "ಭೇಷ್" ಅನ್ನೋರು, ನಾನು ಪರೀಕ್ಷೆ ಪಾಸಾದಾಗ್ಲೂ ಅದೇ ಭೇಷ್, ರೇಡಿಯೋಗೂ ನಂಗೂ ವ್ಯತ್ಯಾಸಾನೇ ಇರ್ಲಿಲ್ಲ ಅವ್ರಿಗೆ. ಹಿಂಗೇ ಬರೀತಾ ಹೋದೆ, ಸಾಗರ ಎಲ್ಲೂ ಬರ್ಲೇ ಇಲ್ಲ. ಒಂದೂವರೆ ಪುಟಕ್ಕೇ ಮುಗೀತು, ಉಪಸಂಹಾರ ಹಾಕೋದೇ ಮರ್ತೆ.

ಈ ಸಲನೂ ಬುಕ್ ಕೆಂಪಾಗೇ ಬಂತು. ಎರಡು ಮಹಾಪ್ರಾಣ, ಒಂದು ಒತ್ತಕ್ಷರ, "ಈ ವಾಕ್ಯ ಉಸಿರು ಬಿಡಲ್ಲ, ಒಡೆದು ಬರೆ" ಅಂತ ಒಂದು. 16 ಮಾರ್ಕ್ಸು. ಪಕ್ಕದವನಿಗಿಂತ ಈಗಲೂ ಒಂದು ಕಮ್ಮಿ, ಅದು ಸ್ವಲ್ಪ ಚುಚ್ಚಿತು ಬಿಡಿ. ಆದ್ರೆ ನಾನು ಮಾರ್ಕ್ಸು ನೋಡೋ ಮೊದ್ಲು ಚುಕ್ಕೆ ಹುಡುಕ್ತಿದ್ದೆ. ಮೂರು ಇದ್ವು.

ಕೊನೇ ಸಾಲಿನ ಕೆಳಗೆ, ಸಹಿಗಿಂತ ಮೇಲೆ, ಸಣ್ಣಕ್ಷರದಲ್ಲಿ ಬರೆದಿದ್ರು, "ರೇಡಿಯೋ ಈಗ ಯಾರ ಹತ್ರ ಇದೆ?"

ತಾತ ಇಲ್ಲ ಅಂತ ನಾನು ಎಲ್ಲೂ ಬರೆದಿರ್ಲಿಲ್ಲ.

ಸ್ವಲ್ಪ ಹೊತ್ತು ಹಂಗೇ ಕೂತಿದ್ದೆ. ಆಮೇಲೆ ನನ್ನ ನೀಲಿ ಪೆನ್ ತೆಗೆದು ಆ ಕೆಂಪು ಅಕ್ಷರದ ಕೆಳಗೇ ಬರೆದೆ: "ನನ್ನ ಹತ್ರ ಮಿಸ್. ನಾನು ತಟ್ಟಿದ್ರೆ ಏಳ್ತಿಲ್ಲ."

ಬುಕ್ ತಗೊಂಡು ಸ್ಟಾಫ್ ರೂಮ್ ಕಡೆ ಹೊರಟೆ.