ಒಂಟಿ ಎತ್ತಿನ ವರ್ಷ

ಚೈತ್ರ
ಯುಗಾದಿ. ಬೇವು ಕುಡಿದೆವು.
ಅಪ್ಪ ಎರಡೂ ಎತ್ತಿನ ಮೈ ತೊಳೆದ.
ಕಲಬುರಗಿಯ ಬಿಸಿಲಲ್ವಾ,
ನೀರು ಬೆನ್ನ ಮೇಲೇ ಆರಿತು.

ವೈಶಾಖ
ಮಧ್ಯಾಹ್ನ ಓಣಿಯಲ್ಲಿ ನಾಯಿಯೂ ಇಲ್ಲ.
ಅಂಗಳದ ಶಹಾಬಾದ ಕಲ್ಲಿನ ಮೇಲೆ ಕಾಲಿಡಲಾಗದು.
ಎಡಗಡೆಯ ಎತ್ತು ಮೇವು ಬಿಟ್ಟು ಮೂರು ದಿನ.
ನಾಲ್ಕನೇ ಬೆಳಗ್ಗೆ ಏಳಲಿಲ್ಲ.
ಹದಿನಾಲ್ಕು ವರ್ಷ ನಮ್ಮ ಹೊಲ ಉತ್ತಿತ್ತು.
ಬೇವಿನ ಗಿಡದ ಬುಡಕ್ಕೆ ಕುಣಿ ತೋಡಿದೆವು.
ಎರೆಮಣ್ಣು ಬಿರಿದಿತ್ತು, ಕೈ ಹೋಗುವಷ್ಟು.
ಅಪ್ಪ ಅದರ ಕೊರಳ ಗೆಜ್ಜೆಪಟ್ಟಿ ಬಿಚ್ಚಿಕೊಂಡ.
ಮಾತಾಡಲಿಲ್ಲ.

ಜ್ಯೇಷ್ಠ
ಕಾರಹುಣ್ಣಿಮೆ. ಒಂದೇ ಎತ್ತಿನ ಕೊಂಬಿಗೆ ಬಣ್ಣ.
ಡಬ್ಬಿಯಲ್ಲಿ ಅರ್ಧ ಉಳಿಯಿತು.
ಮಣ್ಣೆತ್ತಿನ ಅಮಾವಾಸ್ಯೆಗೆ ಮಗಳು
ಎರೆಮಣ್ಣು ಕಲಸಿ ಎರಡು ಎತ್ತು ಮಾಡಿದಳು,
ಜೋಳದ ಕಾಳಿನ ಕಣ್ಣಿಟ್ಟು.
"ಮುತ್ಯಾ, ನಮ್ಮ ಎತ್ತು ನೋಡು, ತಿರುಗಿ ಬಂದದ."
ಅಪ್ಪ ಅದನ್ನು ಅಂಗೈಯಲ್ಲಿ ಹಿಡಿದು ಕೂತ,
ಒಣಗುವವರೆಗೆ.

ಆಷಾಢ
ಮಿರಗ ಕೈಕೊಟ್ಟಿತು, ಆರಿದ್ರಾ ಬಂತು.
ಬಾಡಿಗೆ ಟ್ರ್ಯಾಕ್ಟರಿನಲ್ಲಿ ತೊಗರಿ ಬಿತ್ತಿದೆವು,
ಅರ್ಧ ದಿನಕ್ಕೆ ಮುಗೀತು.
ಬದುವಿನಲ್ಲಿ ಕಟ್ಟಿದ ಎತ್ತು
ಸುಮ್ನೆ ಹೊಲದ ಕಡೆಗೇ ನೋಡುತ್ತಿತ್ತು.

ಶ್ರಾವಣ
ಪಂಚಮಿಯ ಜೋಕಾಲಿ ಬೇವಿನ ಗಿಡಕ್ಕೆ.
ಜೀಕುವ ಹುಡುಗಿಯರ ಕಾಲ ಕೆಳಗೆ
ಕುಣಿಯ ಮೇಲೆ ಹೊಸ ಹುಲ್ಲು.

ಭಾದ್ರಪದ
ಎಂಟು ದಿನ ಜಿಟಿಜಿಟಿ. ಭೀಮೆ ತುಂಬಿತು.
ತಗ್ಗಿನ ಹೊಲದ ತೊಗರಿ ನೀರಲ್ಲಿ ನಿಂತು ಹಳದಿಯಾಯಿತು.
ದಿಬ್ಬದ ಮೇಲಿನದು ಉಳಿಯಿತು.
"ಅಷ್ಟರೆ ಉಳೀತಲ್ಲ" ಅಂದಳು ಅವ್ವ.

ಆಶ್ವಿನ
"ಬನ್ನಿ ತಗೊಂಡು ಬಂಗಾರದಂಗ ಇರೋಣ."
ಓಣಿಗೆಲ್ಲ ಕೊಟ್ಟು ಬಂದ ಅಪ್ಪ
ಖಾಲಿ ಗೂಟದ ಹತ್ತಿರವೂ ಒಂದೆಲೆ ಇಟ್ಟ.

ಕಾರ್ತಿಕ
ತೊಗರಿ ಹೂ ಬಿಟ್ಟಿತು. ಬಿಳಿಜೋಳ ಮೊಣಕಾಲೆತ್ತರ.
ಬೆಳಗ್ಗೆ ಚಳಿ ಜಾಸ್ತಿ.

ಮಾರ್ಗಶಿರ
ಎಳ್ಳಮಾವಾಸ್ಯೆ. ನಸುಕಿಗೇ ಅವ್ವ ಬುಟ್ಟಿ ತುಂಬಿದಳು:
ಭಜ್ಜಿ, ಸಜ್ಜೆ ಕಡಬು, ಶೇಂಗಾ ಹೋಳಿಗೆ, ಅಂಬಲಿಯ ಗಡಿಗೆ.
ಗಾಡಿ ಕಟ್ಟಲು ಜೋಡಿ ಎಲ್ಲಿದೆ?
ಬಾಜೂ ಹೊಲದ ಕಾಕಾ ತನ್ನ ಎತ್ತು ಹಿಡಿದು ಬಂದ.
"ಇವತ್ತೊಂದಿನ ನಂದು ತಗೋ ಅಣ್ಣಾ. ಹೊಲಕ್ಕ ಗಾಡಿಯಾಗೇ ಹೋಗ್ರಿ."
ಅದು ಗಿಡ್ಡ, ನಮ್ಮದು ಎತ್ತರ.
ನೊಗ ಒಂದು ಕಡೆ ವಾಲಿತು,
ದಾರಿಯುದ್ದಕ್ಕೂ ಅಂಬಲಿ ತುಳುಕಿತು.
ತೊಗರಿ ಸಾಲಿನಲ್ಲಿ ಚರಗ ಚೆಲ್ಲುತ್ತ ಅಪ್ಪ
ಅಂದು ಮೊದಲ ಸಲ ಜೋರಾಗಿ ಅತ್ತ.

ಪುಷ್ಯ
ರಾಶಿ ಆಯಿತು. ಎಕರೆಗೆ ಮೂರು ಚೀಲ ತೊಗರಿ.
ಸಂಕ್ರಾಂತಿಗೆ ಮೈಗೆ ಎಳ್ಳು ಹಚ್ಚಿಕೊಂಡು
ಗಾಣಗಾಪುರದಲ್ಲಿ, ಅಮರ್ಜಾ ಭೀಮೆಯನ್ನು ಸೇರುವಲ್ಲಿ,
ಮುಳುಗಿ ಎದ್ದೆವು.

ಮಾಘ
ಹಾಲುಗಾಳಿನ ಜೋಳದ ತೆನೆ ಕೆಂಡದಲ್ಲಿ ಸುಟ್ಟು
ಅಂಗೈಯಲ್ಲಿ ತಿಕ್ಕಿ, ಊದಿ, ಮಗಳ ಬಾಯಿಗೆ ಹಾಕಿದ ಮುತ್ಯಾ.
ಸೀತನಿಯ ಮಸಿ ಇಬ್ಬರ ಮೂಗಿಗೂ.

ಫಾಲ್ಗುಣ
ಶರಣಬಸವೇಶ್ವರರ ತೇರಿಗೆ ಉತ್ತತ್ತಿ ಎಸೆದು ಬಂದೆವು.
ಮರುವಾರ ಸಂತೆಯಿಂದ ಎಳೆಯ ಹೋರಿ ಬಂತು, ತೊಗರಿಯ ರೊಕ್ಕದಲ್ಲಿ.
ಹಳೆಯದನ್ನು ಎಡಕ್ಕೆ ಕಟ್ಟಿದ ಅಪ್ಪ, ಹೊಸದನ್ನು ಬಲಕ್ಕೆ.
ರಾತ್ರಿಯೆಲ್ಲ ಹೋರಿ ಒದರಿತು.
ನಸುಕಿಗೆ ಹೋಗಿ ನೋಡಿದರೆ
ಹಳೆಯದು ಅದರ ಕಿವಿ ನೆಕ್ಕುತ್ತಿದೆ.
ಹೊಸ ಕೊರಳಿಗೆ ಗೆಜ್ಜೆಪಟ್ಟಿ ದೊಡ್ಡದಾಯಿತು.
ಅಪ್ಪ ಕಂದೀಲಿನ ಬೆಳಕಿಗೆ ಕೂತು
ದಬ್ಬಣದಿಂದ ಎರಡು ತೂತು ಹಾಕುತ್ತಿದ್ದಾನೆ.