2026-27ನೇ ಸಾಲಿನ ಶುಲ್ಕ ಪರಿಷ್ಕರಣೆ: ಪೋಷಕರಿಗೆ ಪತ್ರ

ತಿಪಟೂರು
9 ಫೆಬ್ರವರಿ 2026

ಪ್ರಿಯ ಪೋಷಕರೇ, ನಮಸ್ಕಾರ.

ಬರುವ ಜೂನ್‌ನಿಂದ ಶಾಲೆಯ ಫೀಸು ಜಾಸ್ತಿಯಾಗುತ್ತದೆ. ಅಡ್ಮಿಷನ್ ದಿನ ಕೌಂಟರ್ ಮುಂದೆ ನಿಂತಾಗ ನಿಮಗೆ ಇದು ಗೊತ್ತಾಗಬಾರದು. ಅದಕ್ಕೇ ನಾಲ್ಕು ತಿಂಗಳು ಮೊದಲೇ ಬರೆಯುತ್ತಿದ್ದೇನೆ. ಎಷ್ಟು ಜಾಸ್ತಿ, ಯಾಕೆ, ಆ ದುಡ್ಡು ಎಲ್ಲಿಗೆ ಹೋಗುತ್ತದೆ ಎಂಬುದೆಲ್ಲ ಈ ಪತ್ರದಲ್ಲಿದೆ. ದಯವಿಟ್ಟು ಪೂರ್ತಿ ಓದಿ.

ಮೊದಲು ಲೆಕ್ಕ. ಇವು ವರ್ಷದ ಮೊತ್ತಗಳು.

ಎಲ್‌ಕೆಜಿ, ಯುಕೆಜಿ: ಈಗ 20,000 ರೂ., ಜೂನ್‌ನಿಂದ 21,500 ರೂ.
1ರಿಂದ 5ನೇ ತರಗತಿ: ಈಗ 24,000 ರೂ., ಜೂನ್‌ನಿಂದ 26,400 ರೂ.
6ರಿಂದ 8ನೇ ತರಗತಿ: ಈಗ 27,000 ರೂ., ಜೂನ್‌ನಿಂದ 29,500 ರೂ.
9 ಮತ್ತು 10ನೇ ತರಗತಿ: ಈಗ 30,000 ರೂ., ಜೂನ್‌ನಿಂದ 32,500 ರೂ.

ಶಾಲಾ ವಾಹನದಲ್ಲಿ ಬರುವ ಮಕ್ಕಳಿಗೆ ತಿಂಗಳ ಶುಲ್ಕ 600ರಿಂದ 650 ರೂ. ಆಗುತ್ತದೆ. ಇದನ್ನು ವರ್ಷಕ್ಕೆ 10 ತಿಂಗಳು ಮಾತ್ರ ಪಡೆಯುತ್ತೇವೆ. ಬಿಲ್ಡಿಂಗ್ ಫಂಡ್, ಡೊನೇಷನ್ ಇತ್ಯಾದಿ ಹೆಸರಿನಲ್ಲಿ ಬೇರೆ ಒಂದು ರೂಪಾಯಿಯನ್ನೂ ತೆಗೆದುಕೊಳ್ಳುವುದಿಲ್ಲ. ಯಾರಾದರೂ ಕೇಳಿದರೆ ಕೊಡಬೇಡಿ, ನೇರವಾಗಿ ನನಗೆ ತಿಳಿಸಿ. ಆರ್‌ಟಿಇ ಅಡಿಯಲ್ಲಿ ಸೇರಿ 8ನೇ ತರಗತಿಯೊಳಗೆ ಓದುತ್ತಿರುವ ಮಕ್ಕಳಿಗೆ ಈ ಬದಲಾವಣೆ ಅನ್ವಯಿಸುವುದಿಲ್ಲ.

ಇನ್ನು ಕಾರಣಕ್ಕೆ ಬರುತ್ತೇನೆ.

ನವೆಂಬರ್‌ನ ಪೋಷಕರ ಸಭೆಯಲ್ಲಿ 9ನೇ ತರಗತಿಯ ಪೋಷಕರು ಒಂದು ಪ್ರಶ್ನೆ ಕೇಳಿದ್ದಿರಿ: "ವರ್ಷದ ಮಧ್ಯದಲ್ಲಿ ಗಣಿತದ ಮೇಷ್ಟ್ರು ಯಾಕೆ ಬದಲಾದರು?" ಅವರು ಒಳ್ಳೆಯ ಮೇಷ್ಟ್ರು. ಮಕ್ಕಳಿಗೆ ಅವರೆಂದರೆ ಇಷ್ಟ. ಜಿಲ್ಲಾ ಕೇಂದ್ರದ ವಸತಿ ಶಾಲೆಯೊಂದು ನಮಗಿಂತ ತಿಂಗಳಿಗೆ ಆರು ಸಾವಿರ ಜಾಸ್ತಿ ಕೊಡುತ್ತೇವೆ ಎಂದು ಅವರನ್ನು ಕರೆಯಿತು. ಅವರಿಗೂ ಮನೆಯಿದೆ, ಓದುವ ಮಕ್ಕಳಿದ್ದಾರೆ. ಹೋಗಬೇಡಿ ಎಂದು ಹೇಳುವ ಹಕ್ಕು ನಮಗಿರಲಿಲ್ಲ. ಹೊಸಬರು ಬಂದು, ಮಕ್ಕಳ ಮಟ್ಟ ತಿಳಿದು, ಪಾಠ ಹಿಡಿತಕ್ಕೆ ಬರುವ ಹೊತ್ತಿಗೆ ಆರು ವಾರ ಕಳೆದಿತ್ತು. ಮುಂದಿನ ವರ್ಷ ಎಸ್‌ಎಸ್‌ಎಲ್‌ಸಿ ಬರೆಯುವ ಮಕ್ಕಳಿಗೆ ಆರು ವಾರ ಎಂದರೆ ಸಣ್ಣ ವಿಷಯವಲ್ಲ.

ಶುಲ್ಕವನ್ನು ಕೊನೆಯ ಸಲ ಏರಿಸಿದ್ದು 2023-24ರಲ್ಲಿ. ಅಂದಿನಿಂದ ಶಿಕ್ಷಕರ ಸಂಬಳವನ್ನೂ ಹೇಳಿಕೊಳ್ಳುವಷ್ಟು ಏರಿಸಲು ಆಗಿಲ್ಲ. ನಮ್ಮಲ್ಲಿ 21 ಶಿಕ್ಷಕರಿದ್ದಾರೆ. ಅವರಲ್ಲಿ ಎಂಟು ಮಂದಿ ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಇಲ್ಲೇ ಇದ್ದಾರೆ. ನಿಮ್ಮ ಮಗುವಿಗೆ ಯಾವ ಅಕ್ಷರ ಬರೆಯಲು ಕಷ್ಟ, ಯಾವ ಮಗು ಬೆಳಿಗ್ಗೆ ತಿಂಡಿ ತಿನ್ನದೆ ಬರುತ್ತದೆ ಎಂಬುದು ಇವರಿಗೆ ಗೊತ್ತು. ಇಂಥವರು ಒಬ್ಬೊಬ್ಬರಾಗಿ ಹೊರಟರೆ ಎಷ್ಟು ಚಂದದ ಕಟ್ಟಡ ಇದ್ದರೂ ಶಾಲೆ ಶಾಲೆಯಾಗಿ ಉಳಿಯುವುದಿಲ್ಲ.

ಆದ್ದರಿಂದ ಈ ಸಲದ ಏರಿಕೆಯ ಬಹುಪಾಲು ಅವರಿಗೇ ಹೋಗುತ್ತದೆ. ಶುಲ್ಕ ಕಟ್ಟುವ 412 ಮಕ್ಕಳಿಂದ ಹೆಚ್ಚುವರಿಯಾಗಿ ಬರುವುದು ವರ್ಷಕ್ಕೆ 9,41,000 ರೂ. ಅದರಲ್ಲಿ ಅಣ್ಣ-ತಮ್ಮ, ಅಕ್ಕ-ತಂಗಿಯರ ರಿಯಾಯಿತಿ ಹೆಚ್ಚಿಸುವುದಕ್ಕೆ ಸುಮಾರು 60,000 ಬೇಕು. ಉಳಿಯುವುದು 8,81,000. ಪ್ರತಿ ಶಿಕ್ಷಕರಿಗೆ ತಿಂಗಳಿಗೆ ಸರಾಸರಿ 2,000 ಏರಿಸಿದರೆ ವರ್ಷಕ್ಕೆ 5,04,000. ಆಯಾಗಳು, ಡ್ರೈವರ್‌ಗಳು, ಕಚೇರಿಯವರು ಸೇರಿ ಏಳು ಜನರಿಗೆ ತಲಾ 1,000 ಏರಿಸಿದರೆ 84,000. ಸಂಬಳ ಏರಿದ ಮೇಲೆ ಪಿಎಫ್ ಮತ್ತು ಇಎಸ್‌ಐಗೆ ಶಾಲೆಯ ಪಾಲೂ ಏರುತ್ತದೆ, ಅದಕ್ಕೆ ಸುಮಾರು 72,000. ಗ್ರಾಚ್ಯುಟಿಗೆ ಎಂದು ಪ್ರತ್ಯೇಕ ಖಾತೆಯಲ್ಲಿ ಇಡಬೇಕಾದದ್ದು 1,20,000. ಇವೆಲ್ಲ ಸೇರಿ 7,80,000. ಕೊನೆಗೆ ಉಳಿಯುವ ಒಂದು ಲಕ್ಷದ ಒಂದು ಸಾವಿರದಲ್ಲಿ ವಿಜ್ಞಾನ ಪ್ರಯೋಗಾಲಯದ ಸಾಮಾನು ತರುತ್ತೇವೆ, ಹೆಣ್ಣುಮಕ್ಕಳ ಶೌಚಾಲಯದ ರಿಪೇರಿ ಮಾಡಿಸುತ್ತೇವೆ.

ಗ್ರಾಚ್ಯುಟಿ ಬಗ್ಗೆ ಎರಡು ಮಾತು ಹೇಳಲೇಬೇಕು. ಖಾಸಗಿ ಶಾಲೆಯ ಶಿಕ್ಷಕರಿಗೂ ಗ್ರಾಚ್ಯುಟಿ ಕೊಡಬೇಕು ಎಂದು 2009ರಲ್ಲಿ ಕಾನೂನು ತಿದ್ದುಪಡಿಯಾಯಿತು. 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಸೇವೆ ಮಾಡಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳದ ಲೆಕ್ಕ. ಇಪ್ಪತ್ತು ವರ್ಷ ಪಾಠ ಮಾಡಿದ ಮೇಡಂ ಒಬ್ಬರು ನಿವೃತ್ತರಾಗುವ ದಿನ ಇದು ದೊಡ್ಡ ಮೊತ್ತವೇ ಆಗುತ್ತದೆ. ಆ ದಿನ ದುಡ್ಡಿಗೆ ಹುಡುಕಾಡುವ ಬದಲು ಈಗಿನಿಂದಲೇ ಎತ್ತಿಡುವುದು ಸರಿ ಎಂದು ಆಡಳಿತ ಮಂಡಳಿ ತೀರ್ಮಾನಿಸಿದೆ. ಇದಕ್ಕಾಗಿ ನಾನು ಬಹಳ ಒತ್ತಾಯಿಸಿದ್ದೆ.

ವಾಹನದ ವಿಷಯ ಚಿಕ್ಕದು. 2024ರ ಜೂನ್‌ನಲ್ಲಿ ಒಮ್ಮೆ, 2025ರ ಏಪ್ರಿಲ್‌ನಲ್ಲಿ ಇನ್ನೊಮ್ಮೆ ರಾಜ್ಯದಲ್ಲಿ ಡೀಸೆಲ್ ತೆರಿಗೆ ಏರಿ, ಲೀಟರಿಗೆ ಸುಮಾರು ಐದು ರೂಪಾಯಿ ಜಾಸ್ತಿಯಾಯಿತು. ಎರಡು ಸಲವೂ ನಾವು ವಾಹನ ಶುಲ್ಕ ಮುಟ್ಟಿರಲಿಲ್ಲ.

ಈ ಪತ್ರ ಓದುತ್ತಿರುವಾಗ ನಿಮ್ಮ ಮನಸ್ಸಿಗೆ ಏನು ಬರುತ್ತಿರಬಹುದು ಎಂಬ ಅಂದಾಜು ನನಗಿದೆ. ಕೆಲವು ಮಾತು ಈಗಾಗಲೇ ಗೇಟಿನ ಹತ್ತಿರ ಕೇಳಿದ್ದೂ ಇದೆ. ಅವುಗಳಿಗೆ ಇಲ್ಲೇ ಉತ್ತರಿಸುತ್ತೇನೆ.

"ನಮ್ಮ ಆದಾಯ ಹತ್ತು ಪರ್ಸೆಂಟ್ ಏರಿಲ್ಲವಲ್ಲ, ಫೀಸು ಮಾತ್ರ ಯಾಕೆ?"

ಇದು ನ್ಯಾಯವಾದ ಪ್ರಶ್ನೆ. ಕೊಬ್ಬರಿಗೆ ಒಂದು ವರ್ಷ ಒಳ್ಳೆಯ ರೇಟು ಸಿಕ್ಕರೆ ಇನ್ನೊಂದು ವರ್ಷ ಸಿಗುವುದಿಲ್ಲ. ಗಾರ್ಮೆಂಟ್ಸ್‌ಗೆ ಹೋಗುವ ತಾಯಂದಿರ ಸಂಬಳವೂ ನನಗೆ ಗೊತ್ತಿದೆ. ಮೂರು ವರ್ಷ ಮುಟ್ಟದೆ ಇದ್ದುದರಿಂದ ಈಗ ಒಟ್ಟಿಗೆ ಜಾಸ್ತಿ ಅನ್ನಿಸುತ್ತದೆ. 1ರಿಂದ 5ನೇ ತರಗತಿಯವರಿಗೆ ಇದು ತಿಂಗಳಿಗೆ 200 ರೂಪಾಯಿ. ಕೆಲವು ಮನೆಗೆ ಅದೂ ಭಾರವೇ. ಅದಕ್ಕಾಗಿ ಕಟ್ಟುವ ಕ್ರಮ ಬದಲಿಸಿದ್ದೇವೆ. ಇನ್ನು ಮುಂದೆ ಮೂರು ಸಮ ಕಂತು: ಜೂನ್ 15, ಸೆಪ್ಟೆಂಬರ್ 15, ಡಿಸೆಂಬರ್ 31. ಕೊನೆಯದನ್ನು ರಾಗಿ ಒಕ್ಕಣೆ ಮುಗಿಯುವ ಹೊತ್ತಿಗೆ ಎಂದು ಬೇಕೆಂದೇ ಇಟ್ಟಿದ್ದೇವೆ. ತಿಂಗಳ ಸಂಬಳದವರು ಬೇಕಿದ್ದರೆ ಹತ್ತು ಕಂತಿನಲ್ಲಿ ಕಟ್ಟಬಹುದು, ಅಂದರೆ 26,400ಕ್ಕೆ ತಿಂಗಳಿಗೆ 2,640. ಇದಕ್ಕೆ ಬಡ್ಡಿ ಇಲ್ಲ, ದಂಡವೂ ಇಲ್ಲ.

"ಎರಡು ಮಕ್ಕಳಿದ್ದರೆ ಹೊರೆ ಎರಡು ಪಟ್ಟು ಅಲ್ವಾ?"

ಪೂರ್ತಿ ಎರಡು ಪಟ್ಟು ಆಗದ ಹಾಗೆ ನೋಡಿಕೊಂಡಿದ್ದೇವೆ. ಎರಡನೇ ಮಗುವಿಗೆ ಇದ್ದ ಶೇ. 5 ರಿಯಾಯಿತಿ ಇನ್ನು ಶೇ. 10 ಆಗುತ್ತದೆ. ಇಬ್ಬರೂ 1ರಿಂದ 5ರೊಳಗಿನ ತರಗತಿಯಲ್ಲಿದ್ದರೆ ಈ ವರ್ಷ 46,800 ಕಟ್ಟಿದ್ದೀರಿ. ಮುಂದಿನ ವರ್ಷ 50,160 ಆಗುತ್ತದೆ. ರಿಯಾಯಿತಿ ಹೆಚ್ಚಿಸದಿದ್ದರೆ 51,480 ಆಗುತ್ತಿತ್ತು.

"ಹೊಸ ಸೌಲಭ್ಯ ಏನೂ ಕಾಣುತ್ತಿಲ್ಲ. ಸ್ಮಾರ್ಟ್ ಬೋರ್ಡ್ ಆದರೂ ಬರುತ್ತದಾ?"

ಈ ವರ್ಷ ಬರುವುದಿಲ್ಲ. ಇದನ್ನು ಬಿಚ್ಚು ಮನಸ್ಸಿನಿಂದ ಹೇಳುತ್ತಿದ್ದೇನೆ. ಎಲ್ಲ ತರಗತಿಗೂ ಸ್ಮಾರ್ಟ್ ಬೋರ್ಡ್ ಹಾಕಿಸಿದ್ದರೆ ಫೋಟೊದಲ್ಲಿ ಚೆನ್ನಾಗಿ ಕಾಣುತ್ತಿತ್ತು, ಏರಿಕೆಗೆ ಕಾರಣ ಹೇಳುವುದೂ ಸುಲಭವಾಗುತ್ತಿತ್ತು. ಆದರೆ ಬೋರ್ಡಿನ ಮುಂದೆ ನಿಲ್ಲುವವರು ಪ್ರತಿ ವರ್ಷ ಬದಲಾಗುತ್ತಿದ್ದರೆ ಅದರಿಂದ ಮಕ್ಕಳಿಗೆ ಏನೂ ಸಿಗುವುದಿಲ್ಲ. ಇರುವ ದುಡ್ಡನ್ನು ಮೊದಲು ಶಿಕ್ಷಕರಿಗೆ ಕೊಡಬೇಕು ಎಂಬುದು ನನ್ನ ಗಟ್ಟಿ ನಂಬಿಕೆ.

"ಮಕ್ಕಳ ಸಂಖ್ಯೆ ಹೆಚ್ಚಿಸಿದರೆ ಫೀಸು ಏರಿಸುವುದೇ ಬೇಡ."

ಆಡಳಿತ ಮಂಡಳಿಯ ಸಭೆಯಲ್ಲೂ ಈ ಮಾತು ಬಂತು. ಒಂದೊಂದು ತರಗತಿಗೆ ಇನ್ನೂ ಹದಿನೈದು ಮಕ್ಕಳನ್ನು ಕೂರಿಸಿದರೆ ಲೆಕ್ಕ ಸರಿಹೋಗುತ್ತದೆ, ನಿಜ. ಆದರೆ ಆರ್‌ಟಿಇ ಕಾಯ್ದೆ 5ನೇ ತರಗತಿವರೆಗೆ 30 ಮಕ್ಕಳಿಗೆ ಒಬ್ಬರು, 6ರಿಂದ 8ರವರೆಗೆ 35 ಮಕ್ಕಳಿಗೆ ಒಬ್ಬರು ಶಿಕ್ಷಕರು ಎಂದು ಹೇಳುತ್ತದೆ. ಕಾಯ್ದೆ ಪಕ್ಕಕ್ಕಿರಲಿ. ಒಂದನೇ ತರಗತಿಯಲ್ಲಿ 45 ಮಕ್ಕಳಿದ್ದರೆ ಯಾವ ಮಿಸ್‌ಗೂ ಎಲ್ಲರ ಕಾಪಿ ಬರವಣಿಗೆ ನೋಡಲು ಆಗುವುದಿಲ್ಲ. ಇದಕ್ಕೆ ನಾನು ಒಪ್ಪಲಿಲ್ಲ.

"ಶಾಲೆಯವರು ಲಾಭ ಮಾಡುತ್ತಿದ್ದಾರೆ."

ಶಿಕ್ಷಣವನ್ನು ಲಾಭದ ದಂಧೆ ಮಾಡುವಂತಿಲ್ಲ, ಶಾಲೆಯ ಬೆಳವಣಿಗೆಗೆ ಬೇಕಾದಷ್ಟು ಉಳಿತಾಯ ಮಾತ್ರ ಇರಬಹುದು ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಆ ತೀರ್ಪು ಬಂದದ್ದು ಕರ್ನಾಟಕದ ಪ್ರಕರಣದಲ್ಲೇ. ಬಾಯಿಮಾತಿಗೆ ಇಷ್ಟು ಸಾಕು, ಕಾಗದ ನೋಡಿ. ಕಳೆದ ಎರಡು ವರ್ಷದ ಆಡಿಟ್ ಆದ ಲೆಕ್ಕಪತ್ರ ಕಚೇರಿಯಲ್ಲಿದೆ. ಕೆಲಸದ ದಿನ ಮಧ್ಯಾಹ್ನ 3ರಿಂದ 4.30ರವರೆಗೆ ಯಾವ ಪೋಷಕರು ಬಂದರೂ ನೋಡಬಹುದು. ಹೊಸ ಶುಲ್ಕದ ಪಟ್ಟಿಯನ್ನು ನೋಟಿಸ್ ಬೋರ್ಡಿಗೂ ಹಾಕಿದ್ದೇವೆ.

"ಜಿಎಸ್‌ಟಿ ಇಳಿಯಿತಲ್ಲ, ನಿಮ್ಮ ಖರ್ಚು ಇಳಿಯಲಿಲ್ಲವೇ?"

ಶಾಲೆಯ ಫೀಸಿಗೆ ಜಿಎಸ್‌ಟಿ ಮೊದಲಿಂದಲೂ ಇಲ್ಲ. ನೋಟ್‌ಬುಕ್, ಪೆನ್ಸಿಲ್‌ಗಳ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಸೊನ್ನೆಯಾಯಿತು. ಆ ಲಾಭ ನಿಮಗೇ ಸೇರಬೇಕು. ಶಾಲೆಯಲ್ಲಿ ಸಿಗುವ ನೋಟ್‌ಬುಕ್ ಸೆಟ್ 1,450ರಿಂದ 1,350ಕ್ಕೆ ಇಳಿಯುತ್ತದೆ. ಹೊರಗೆ ಕಡಿಮೆಗೆ ಸಿಕ್ಕರೆ ಅಲ್ಲೇ ತೆಗೆದುಕೊಳ್ಳಿ. ಸಮವಸ್ತ್ರ ಬದಲಾಗುವುದಿಲ್ಲ. ಅದನ್ನೂ ಯಾವ ಅಂಗಡಿಯಲ್ಲಿ ಬೇಕಾದರೂ ಹೊಲಿಸಬಹುದು. ಅಣ್ಣನದು ತಮ್ಮ ಹಾಕಿಕೊಂಡು ಬಂದರೂ ಯಾರೂ ಏನೂ ಅನ್ನುವುದಿಲ್ಲ.

"ಕಟ್ಟಲು ತಡವಾದರೆ ಮಗುವನ್ನು ಹೊರಗೆ ನಿಲ್ಲಿಸುತ್ತೀರಾ?"

ಇಲ್ಲ. ನಾನು ಇಲ್ಲಿರುವವರೆಗೆ ಅದು ಆಗುವುದಿಲ್ಲ. ಫೀಸು ಬಾಕಿ ಇದೆ ಎಂದು ಯಾವ ಮಗುವನ್ನೂ ತರಗತಿಯಿಂದ, ಪರೀಕ್ಷೆಯಿಂದ, ಪ್ರವಾಸದಿಂದ ದೂರ ಇಡುವುದಿಲ್ಲ. ಎಲ್ಲರೆದುರು ಹೆಸರು ಕೂಗುವುದಿಲ್ಲ. ಡೈರಿಯಲ್ಲೂ ಬರೆದು ಕಳಿಸುವುದಿಲ್ಲ. ಬಾಕಿಯ ವಿಷಯ ದೊಡ್ಡವರ ನಡುವೆ ಮಾತ್ರ, ಕಚೇರಿಯಿಂದ ನಿಮ್ಮ ಫೋನಿಗೆ. ಟಿಸಿ ಕೇಳಿದರೆ ಟಿಸಿ ಕೊಡುತ್ತೇವೆ.

ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದರೆ, ಕೆಲಸ ಹೋಗಿದ್ದರೆ, ದೊಡ್ಡ ಕಾಯಿಲೆ ಬಂದಿದ್ದರೆ ಸುಮ್ನೆ ಒದ್ದಾಡಬೇಡಿ. ನನ್ನನ್ನು ಬಂದು ನೋಡಿ. ಒಂದು ಅರ್ಜಿ ಸಾಕು. ಆ ವರ್ಷಕ್ಕೆ ಹಳೆಯ ದರದಲ್ಲೇ ಉಳಿಸುವ ಅಧಿಕಾರವನ್ನು ಮಂಡಳಿ ನನಗೆ ಕೊಟ್ಟಿದೆ. ಅರ್ಜಿ ನನ್ನ ಕಪಾಟಿನಲ್ಲಿರುತ್ತದೆ, ತರಗತಿ ಶಿಕ್ಷಕರಿಗೂ ಗೊತ್ತಾಗುವುದಿಲ್ಲ.

ಇಷ್ಟಾದ ಮೇಲೂ ಈ ಫೀಸು ನಮಗೆ ಆಗುವುದಿಲ್ಲ, ಸರ್ಕಾರಿ ಶಾಲೆಗೆ ಸೇರಿಸುತ್ತೇವೆ ಎಂದು ಕೆಲವರು ತೀರ್ಮಾನಿಸಬಹುದು. ಅದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ. ನಾನೂ ಸರ್ಕಾರಿ ಶಾಲೆಯಲ್ಲೇ ಓದಿದವಳು. ಮಾರ್ಚ್ ಕೊನೆಯೊಳಗೆ ತಿಳಿಸಿದರೆ ದಾಖಲೆಗಳನ್ನು ಸಮಯಕ್ಕೆ ಸಿದ್ಧ ಮಾಡಿಕೊಡುತ್ತೇವೆ.

ಈ ದರ 2027-28ರಲ್ಲಿ ಮತ್ತೆ ಏರುವುದಿಲ್ಲ. ಮಂಡಳಿಯ ನಡಾವಳಿ ಪುಸ್ತಕದಲ್ಲಿ ಇದನ್ನು ಬರೆಸಿದ್ದೇವೆ. ಇನ್ನೊಂದು ವಿಷಯ: ಹಳೆಯ ಪದ್ಧತಿಯಲ್ಲಿ ಆದಾಯ ತೆರಿಗೆ ಕಟ್ಟುವವರಿಗೆ ಇಬ್ಬರು ಮಕ್ಕಳವರೆಗೆ ಬೋಧನಾ ಶುಲ್ಕದ ಮೇಲೆ ವಿನಾಯಿತಿ ಸಿಗುತ್ತದೆ. ಅದಕ್ಕೆ ಬೇಕಾಗುವಂತೆ ರಸೀದಿಯಲ್ಲಿ ಬೋಧನಾ ಶುಲ್ಕವನ್ನು ಬೇರೆಯಾಗಿ ತೋರಿಸುತ್ತೇವೆ.

ಫೆಬ್ರವರಿ 21, ಶನಿವಾರ ಮಧ್ಯಾಹ್ನ 2 ಗಂಟೆಗೆ ಶಾಲೆಯ ಸಭಾಂಗಣದಲ್ಲಿ ಪೋಷಕರ ಸಭೆ ಇದೆ. ಮಂಡಳಿಯ ಕಾರ್ಯದರ್ಶಿ ಮತ್ತು ಲೆಕ್ಕ ನೋಡುವವರು ಇರುತ್ತಾರೆ. ಏರಿಕೆಯೇ ಬೇಡ ಎನ್ನುವವರು ದಯವಿಟ್ಟು ಬಂದೇ ಬನ್ನಿ. ಕಂತಿನ ದಿನ, ರಿಯಾಯಿತಿ, ವಾಹನದ ದರ, ಇವುಗಳಲ್ಲಿ ನಿಮ್ಮ ಸಲಹೆ ಸರಿ ಅನ್ನಿಸಿದರೆ ಬದಲಿಸಲು ಸಿದ್ಧರಿದ್ದೇವೆ. ಶಿಕ್ಷಕರ ಸಂಬಳದ ಭಾಗವನ್ನು ಮಾತ್ರ ಕಡಿಮೆ ಮಾಡುವುದಿಲ್ಲ. ಅಂತಿಮ ಪಟ್ಟಿಯನ್ನು ಯುಗಾದಿಗೆ ಮೊದಲೇ ನಿಮ್ಮ ಕೈಗೆ ಕೊಡುತ್ತೇವೆ.

ಶನಿವಾರ ಬರಲು ಆಗದವರು ಪ್ರಶ್ನೆಯನ್ನು ಒಂದು ಚೀಟಿಯಲ್ಲಿ ಬರೆದು ಕಚೇರಿಯ ಪೆಟ್ಟಿಗೆಗೆ ಹಾಕಿ. ಹೆಸರು ಬರೆಯದಿದ್ದರೂ ಪರವಾಗಿಲ್ಲ. ಸಭೆಯಲ್ಲಿ ಅದನ್ನು ಓದಿ ಉತ್ತರಿಸುತ್ತೇವೆ.

ವಿಶ್ವಾಸದಿಂದ,

ಮುಖ್ಯ ಶಿಕ್ಷಕಿ
(ಆಡಳಿತ ಮಂಡಳಿಯ ಪರವಾಗಿ)