ನಮ್ಮ ಬೋರಿನ ನೀರು ಯಾಕೆ ಗಡಸು? ರೆಸಿನ್ ಅದನ್ನು ಹೇಗೆ ಮೆದು ಮಾಡುತ್ತದೆ?

ನಮ್ಮ ಮನೆ ಇರುವುದು ಸೇಡಂನಲ್ಲಿ. ಬೋರಿನ ನೀರಲ್ಲಿ ತೊಗರಿ ಬೇಳೆ ಎಷ್ಟು ಬೇಯಿಸಿದರೂ ಕರಗುವುದಿಲ್ಲ ಅಂತ ಅವ್ವ ಅಡುಗೆಗೆ ಬೇರೆ ನೀರು ತರಿಸುತ್ತಾಳೆ. ನೀರು ಕಾಯಿಸುವ ಪಾತ್ರೆಯ ತಳ ಕೆರೆದರೆ ಬಿಳಿ ಚಕ್ಕೆ ಏಳುತ್ತದೆ. ಆ ಚಕ್ಕೆಯ ಮೇಲೆ ನಿಂಬೆರಸ ಹಿಂಡಿದೆ, ಸುಯ್ ಅಂತ ನೊರೆ ಬಂತು. ಅದು ಕ್ಯಾಲ್ಸಿಯಂ ಕಾರ್ಬೊನೇಟ್. ನಮ್ಮ ನಡುಮನೆಗೆ ಹಾಸಿರುವ ಶಹಾಬಾದ್ ಕಲ್ಲಿನಲ್ಲಿ ಜಾಸ್ತಿ ಇರುವುದೂ ಅದೇ!

ಹಾಗಾದರೆ ಕಲ್ಲು ನೀರಿಗೆ ಹೇಗೆ ಬಂತು? ಮಳೆ ನೀರು ಮೆದುವೇ. ಆದರೆ ಅದು ಗಾಳಿಯಿಂದ ಸ್ವಲ್ಪ, ಬೇರು ಮತ್ತು ಸೂಕ್ಷ್ಮಜೀವಿಗಳು ಉಸಿರು ಬಿಡುವ ಮಣ್ಣಿನಿಂದ ಇನ್ನೂ ಜಾಸ್ತಿ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ತುಸು ಆಮ್ಲವಾಗುತ್ತದೆ, ಆಮೇಲೆ ಕೆಳಗಿನ ಸುಣ್ಣದಕಲ್ಲಿನ ಬಿರುಕುಗಳಲ್ಲಿ ನಿಧಾನವಾಗಿ ಇಳಿಯುತ್ತಾ ಕಲ್ಲನ್ನೇ ಕರಗಿಸುತ್ತದೆ.

CaCO₃ + H₂O + CO₂ → Ca(HCO₃)₂

ಕುದಿಸಿದಾಗ ಇದೇ ಕ್ರಿಯೆ ಹಿಂದಕ್ಕೆ ನಡೆಯುತ್ತದೆ. ಪಾತ್ರೆಯ ಚಕ್ಕೆ ಹುಟ್ಟುವುದು ಹೀಗೆ. ಇದು ತಾತ್ಕಾಲಿಕ ಗಡಸುತನ. ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಸಲ್ಫೇಟ್ ಮತ್ತು ಕ್ಲೋರೈಡ್ ಇದ್ದರೆ ಕುದಿಸಿದರೂ ಹೋಗುವುದಿಲ್ಲ, ಅದು ಶಾಶ್ವತ ಗಡಸುತನ. ಕುಡಿಯುವ ನೀರಿಗೆ ಭಾರತದ ಮಾನಕ IS 10500 ಲೀಟರಿಗೆ 200 ಮಿಲಿಗ್ರಾಂ ದಾಟದ ಗಡಸುತನ ಸರಿ ಅನ್ನುತ್ತದೆ, ಬೇರೆ ನೀರೇ ಸಿಗದಿದ್ದರೆ 600ರ ತನಕ ಒಪ್ಪುತ್ತದೆ.

ಈಗ ರೆಸಿನ್. ನೀರು ಮೆದು ಮಾಡುವ ಯಂತ್ರ, ಅಂದರೆ ಸಾಫ್ಟ್‌ನರ್, ರಿಪೇರಿ ಮಾಡುವ ಅಣ್ಣ ಒಂದು ಹಿಡಿ ಕೊಟ್ಟರು. ಜೇನಿನ ಬಣ್ಣ, ಗಸಗಸೆಯಷ್ಟು ಸಣ್ಣ ಗುಂಡು, ಕೈಗೆ ಒದ್ದೆ ಮರಳಿನ ಹಾಗೆ ಅಂಟುತ್ತದೆ. ಇದು ಒಂದು ಥರದ ಪ್ಲಾಸ್ಟಿಕ್, ಪಾಲಿಸ್ಟೈರೀನ್. ಅದರ ಮೈತುಂಬ, ಒಳಗೂ ಹೊರಗೂ, ಋಣ ವಿದ್ಯುದಂಶದ ಸಲ್ಫೋನೇಟ್ ಗುಂಪುಗಳು ಗಟ್ಟಿಯಾಗಿ ಕೂತಿವೆ. ಒಂದೊಂದಕ್ಕೂ ಒಂದು ಸೋಡಿಯಂ ಅಯಾನು ಅಂಟಿಕೊಂಡಿರುತ್ತದೆ. ಗಡಸು ನೀರು ಹಾದಾಗ ಎರಡು ಧನ ವಿದ್ಯುದಂಶದ ಕ್ಯಾಲ್ಸಿಯಂಗೆ ಸೆಳೆತ ಜಾಸ್ತಿ, ಅದು ಒಳಗೆ ಕೂರುತ್ತದೆ, ಎರಡು ಸೋಡಿಯಂ ಹೊರಗೆ ಬರುತ್ತವೆ.

2RNa + Ca²⁺ → R₂Ca + 2Na⁺

ನೀರಿನ ಬಾಟಲಿಯ ತಳ ಕತ್ತರಿಸಿ, ತಲೆಕೆಳಗೆ ಹಿಡಿದು, ಬಾಯಿಗೆ ಹತ್ತಿ ತುರುಕಿ ರೆಸಿನ್ ತುಂಬಿ, ಬೋರಿನ ನೀರು ಹಾಯಿಸಿದೆ. ಬಳಿಕ ಆ ನೀರಿಗೂ ಹಾಯಿಸದ ನೀರಿಗೂ ಸ್ನಾನದ ಸೋಪು ಕರಗಿಸಿದ ನೀರನ್ನು ಹನಿ ಹನಿಯಾಗಿ ಹಾಕಿ ಕುಲುಕಿದೆ. ಬೋರಿನ ನೀರಿಗೆ ನೊರೆ ನಿಲ್ಲಲು 23 ಹನಿ ಬೇಕಾಯಿತು, ಅದಕ್ಕೂ ಮೊದಲು ಬರೀ ಬಿಳಿ ಗಸಿ. ರೆಸಿನ್ ದಾಟಿದ ನೀರಿಗೆ 4 ಹನಿ ಸಾಕಾಯಿತು!

ಇಲ್ಲಿ ಒಂದು ತಪ್ಪು ತಿಳುವಳಿಕೆ ತುಂಬಾ ಜನಕ್ಕಿದೆ. ಮೆದು ನೀರು ಅಂದರೆ ಲವಣ ಇಲ್ಲದ ನೀರು ಅಲ್ಲ. ಕ್ಯಾಲ್ಸಿಯಂ ಹೋಗಿ ಆ ಜಾಗಕ್ಕೆ ಸೋಡಿಯಂ ಬಂದಿದೆ ಅಷ್ಟೇ, ನೀರಲ್ಲಿ ಕರಗಿದ ಲವಣ ಎಷ್ಟು ಅಂತ ಹೇಳುವ TDS ಮೀಟರ್ ಹೆಚ್ಚುಕಡಿಮೆ ಅಷ್ಟೇ ತೋರಿಸುತ್ತದೆ. ಅದಕ್ಕೇ ಉಪ್ಪು ಕಡಿಮೆ ಮಾಡಿ ಅಂತ ಡಾಕ್ಟರು ಹೇಳಿರುವವರು ಇದನ್ನು ಕುಡಿಯುವ ಮೊದಲು ಅವರನ್ನು ಕೇಳಬೇಕು.

ಸೋಡಿಯಂ ಮುಗಿದರೆ ರೆಸಿನ್ ಕೆಲಸ ನಿಲ್ಲಿಸುತ್ತದೆ. ಆಗ ನೂರಕ್ಕೆ ಹತ್ತರಷ್ಟು ಉಪ್ಪು ಕರಗಿಸಿದ ನೀರು ಹಾಯಿಸಬೇಕು. ಕ್ಯಾಲ್ಸಿಯಂ ಬಲವಾಗಿದ್ದರೂ ಅಷ್ಟೊಂದು ಸೋಡಿಯಂ ಒಟ್ಟಿಗೆ ನುಗ್ಗಿದಾಗ ಜಾಗ ಬಿಡಲೇಬೇಕು. ಹೊರಬಂದ ಆ ಉಪ್ಪುನೀರನ್ನು ಮಾತ್ರ ಗಿಡದ ಬುಡಕ್ಕೆ ಹಾಕಬೇಡಿ, ಮಣ್ಣು ಕೆಡುತ್ತದೆ.